ಸೈನ್‌ನ ಘಾತಗಳ ಇಂಟಿಗ್ರಲ್‌ನಿಂದ π/2 ರ ಅನಂತ ಗುಣಲಬ್ಧ: ಹಂತ ಹಂತವಾಗಿ

ಮೊದಲು ನಾವು ತಲುಪಬೇಕಾದ ಜಾಗವನ್ನು ನೋಡಿಬಿಡೋಣ.

```
π/2 = (2/1)·(2/3) · (4/3)·(4/5) · (6/5)·(6/7) · (8/7)·(8/9) · ...
```

ಅಂಶದಲ್ಲಿ ಸಮಸಂಖ್ಯೆಗಳು, ಪ್ರತಿಯೊಂದೂ ಎರಡೆರಡು ಸಲ. ಛೇದದಲ್ಲಿ ಬೆಸಸಂಖ್ಯೆಗಳು. ವೃತ್ತ ಎಲ್ಲೂ ಕಾಣುತ್ತಿಲ್ಲ. ಆದರೂ ಗುಣಿಸುತ್ತಾ ಹೋದರೆ π/2, ಅಂದರೆ 1.570796... ಗೆ ಹತ್ತಿರವಾಗುತ್ತದೆ. ಜಾನ್ ವಾಲಿಸ್ ಇದನ್ನು 1656 ರಲ್ಲಿ ಪ್ರಕಟಿಸಿದ. ಆಗ ನ್ಯೂಟನ್‌ನ ಕಲನಶಾಸ್ತ್ರ ಇನ್ನೂ ಹುಟ್ಟಿರಲಿಲ್ಲ. ವಾಲಿಸ್ ಸಂಖ್ಯೆಗಳ ಪಟ್ಟಿ ಮಾಡಿ, ಅದರಲ್ಲಿ ಖಾಲಿ ಉಳಿದ ಜಾಗಕ್ಕೆ ಯಾವ ಸಂಖ್ಯೆ ಹೊಂದುತ್ತದೆ ಎಂದು ಊಹಿಸುತ್ತಾ ಇಲ್ಲಿಗೆ ಬಂದ. ನಾವು ಅಷ್ಟು ಕಷ್ಟಪಡಬೇಕಿಲ್ಲ. ಪಿಯುಸಿ ಮಟ್ಟದ ಇಂಟಿಗ್ರೇಷನ್ ಗೊತ್ತಿದ್ದರೆ ಸಾಕು.

ಉಪಾಯ ಇಷ್ಟೇ. ಅಕ್ಕಪಕ್ಕದಲ್ಲಿರುವ ಎರಡು ಇಂಟಿಗ್ರಲ್ ತೆಗೆದುಕೊಳ್ಳುತ್ತೇವೆ. ಒಂದರ ಬೆಲೆಯಲ್ಲಿ π ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ. ಆದರೆ ಎರಡೂ ಬಹುತೇಕ ಸಮ. ಹಾಗಾದರೆ π ಕೂಡ ಬಹುತೇಕ ಒಂದು ಭಿನ್ನರಾಶಿಗೆ ಸಮ ಆಗಲೇಬೇಕು, ಅಲ್ವಾ? ಆ 'ಬಹುತೇಕ' ಅನ್ನೋದನ್ನು ಗಟ್ಟಿ ಮಾಡುವುದೇ ನಿಜವಾದ ಕೆಲಸ. ಉಳಿದದ್ದು ಬರೀ ಲೆಕ್ಕ.

ಹಂತ 1: ಇಂಟಿಗ್ರಲ್‌ಗೊಂದು ಹೆಸರು

```
I(n) = ∫ sin^n x dx,   x ಸೊನ್ನೆಯಿಂದ π/2 ವರೆಗೆ
```

n ಅಂದರೆ 0, 1, 2, 3 ಹೀಗೆ ಪೂರ್ಣಸಂಖ್ಯೆ. ಮೊದಲ ಎರಡನ್ನು ಬಾಯಲ್ಲೇ ಹೇಳಬಹುದು. I(0) ಅಂದರೆ 1 ರ ಇಂಟಿಗ್ರಲ್, ಹಾಗಾಗಿ π/2. I(1) ಅಂದರೆ sin x ನ ಇಂಟಿಗ್ರಲ್, ಅದು 1.

ಇಲ್ಲೇ ಸ್ವಲ್ಪ ನಿಂತು ನೋಡಿ. π ಬಂದದ್ದು I(0) ಇಂದ. I(1) ರಲ್ಲಿ ಅದರ ಸುಳಿವೇ ಇಲ್ಲ. ಮುಂದೆ ಸಮ n ಗಳೆಲ್ಲ I(0) ಇಂದ ಹುಟ್ಟುತ್ತವೆ, ಬೆಸ n ಗಳೆಲ್ಲ I(1) ಇಂದ. ಹಾಗಾಗಿ ಒಂದು ಸಾಲಿಗೆ π ಅಂಟಿಕೊಂಡೇ ಇರುತ್ತದೆ, ಇನ್ನೊಂದಕ್ಕೆ ಅಂಟುವುದೇ ಇಲ್ಲ.

ರೇಖಾಚಿತ್ರವನ್ನೂ ಮನಸ್ಸಿನಲ್ಲಿ ಬರೆದುಕೊಳ್ಳಿ. ಸೊನ್ನೆಯಿಂದ π/2 ವರೆಗೆ sin x ನಿಧಾನವಾಗಿ 0 ಇಂದ 1 ಕ್ಕೆ ಏರುತ್ತದೆ. ಅದನ್ನು ಹತ್ತನೇ ಘಾತಕ್ಕೆ ಏರಿಸಿದರೆ 30 ಡಿಗ್ರಿಯಲ್ಲಿ 0.5 ಇದ್ದದ್ದು ಸುಮಾರು 0.001 ಆಗಿ ನೆಲಕ್ಕೆ ಅಂಟಿಬಿಡುತ್ತದೆ. 80 ಡಿಗ್ರಿಯಲ್ಲಿ 0.985 ಇದ್ದದ್ದು ಮಾತ್ರ ಇನ್ನೂ 0.86 ಆಸುಪಾಸಿನಲ್ಲಿ ನಿಂತಿರುತ್ತದೆ. ಅಂದರೆ n ಜಾಸ್ತಿಯಾದಂತೆ ರೇಖೆಯ ಕೆಳಗಿನ ಜಾಗ ಬಲತುದಿಗೆ ಒತ್ತಿಕೊಂಡು ಸಣ್ಣದಾಗುತ್ತಾ ಹೋಗುತ್ತದೆ. ಇದು ಹಂತ 4 ಕ್ಕೆ ಬೇಕು.

ಹಂತ 2: ಎರಡೆರಡು ಮೆಟ್ಟಿಲು ಇಳಿಯುವ ಸೂತ್ರ

sin^n x ಅನ್ನು sin^(n-1) x ಮತ್ತು sin x ಎಂದು ಒಡೆಯಿರಿ. ಮೊದಲನೆಯದನ್ನು ಡಿಫರೆನ್ಷಿಯೇಟ್ ಮಾಡಿ, ಎರಡನೆಯದನ್ನು ಇಂಟಿಗ್ರೇಟ್ ಮಾಡಿ. ಇಂಟಿಗ್ರೇಷನ್ ಬೈ ಪಾರ್ಟ್ಸ್, ಬೇರೇನೂ ಅಲ್ಲ.

```
I(n) = [ -cos x · sin^(n-1) x ]  +  (n-1) ∫ sin^(n-2) x · cos^2 x dx
```

ಚೌಕ ಆವರಣದೊಳಗಿನದಕ್ಕೆ ಎರಡು ತುದಿಗಳ ಬೆಲೆ ಹಾಕಬೇಕು. x = π/2 ರಲ್ಲಿ cos x ಸೊನ್ನೆ. x = 0 ಯಲ್ಲಿ sin x ಸೊನ್ನೆ. ಎರಡೂ ಕಡೆ ಹೋಯಿತು. ಉಳಿದದ್ದರಲ್ಲಿ cos^2 x ಬದಲು 1 - sin^2 x ಹಾಕಿ.

```
I(n) = (n-1)·I(n-2) - (n-1)·I(n)
n·I(n) = (n-1)·I(n-2)
I(n) = ((n-1)/n) · I(n-2)
```

ಬಲಗಡೆ ಮತ್ತೆ I(n) ಬಂದದ್ದನ್ನು ನೋಡಿ ಕೆಲವರು 'ಸುತ್ತಿ ಅಲ್ಲಿಗೇ ಬಂದೆ' ಎಂದು ಪೆನ್ನು ಕೆಳಗಿಡುತ್ತಾರೆ. ಹಾಗೆ ಬರಬೇಕಾದದ್ದೇ. ಅದನ್ನು ಎಡಕ್ಕೆ ತಂದರೆ ಕೆಲಸ ಮುಗಿಯಿತು.

ಒಂದು ಎಚ್ಚರಿಕೆ: ಈ ಸೂತ್ರ n = 2 ಇಂದ ಮೇಲಕ್ಕೆ ಮಾತ್ರ. n = 1 ಹಾಕಿದರೆ I(1) = 0 · I(-1) ಎಂದು ಬರುತ್ತದೆ. I(1) ನಿಜವಾಗಿ 1. ಹಾಗಾದರೆ ಎಲ್ಲಿ ಕೆಟ್ಟಿತು? n = 1 ಆದಾಗ sin^(n-1) x ಅಂದರೆ sin^0 x, ಅದು 1. ಆಗ x = 0 ತುದಿಯಲ್ಲಿ ಆವರಣದ ಬೆಲೆ ಸೊನ್ನೆ ಆಗುವುದೇ ಇಲ್ಲ. ಜೊತೆಗೆ I(-1), ಅಂದರೆ 1/sin x ನ ಇಂಟಿಗ್ರಲ್, ಸೊನ್ನೆಯ ಹತ್ತಿರ ಅನಂತಕ್ಕೆ ಓಡಿಹೋಗುತ್ತದೆ. ಆವರಣವನ್ನು 'ಅದು ಯಾವಾಗಲೂ ಸೊನ್ನೆ' ಎಂದು ಬಾಯಿಪಾಠ ಮಾಡಿಕೊಂಡವರಿಗೆ ಇದು ಗೊತ್ತಾಗುವುದಿಲ್ಲ.

ಸೂತ್ರ ಸರಿ ಇದೆಯೇ ಎಂದು ಮೊದಲ ಕೆಲವು ಬೆಲೆ ತೆಗೆದು ನೋಡೋಣ.

```
I(0) = π/2    = 1.5708        I(1) = 1     = 1.0000
I(2) = π/4    = 0.7854        I(3) = 2/3   = 0.6667
I(4) = 3π/16  = 0.5890        I(5) = 8/15  = 0.5333
I(6) = 5π/32  = 0.4909        I(7) = 16/35 = 0.4571
```

ಎಡಗಡೆ ಎಲ್ಲದರಲ್ಲೂ π, ಬಲಗಡೆ ಬರೀ ಭಿನ್ನರಾಶಿ. ಈಗ ಸಾಲು ಸಾಲಾಗಿ ಅಡ್ಡಕ್ಕೆ ಓದಿ. ಮೊದಲ ಸಾಲಿನಲ್ಲಿ ಎರಡರ ನಡುವೆ ದೊಡ್ಡ ಅಂತರ ಇದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ 0.4909 ಮತ್ತು 0.4571. ಹತ್ತಿರವಾಗುತ್ತಿವೆ. ಎಲ್ಲ ಬೆಲೆಗಳನ್ನೂ ಕ್ರಮವಾಗಿ ಓದಿದರೆ ಒಂದೇ ಸಮನೆ ಇಳಿಯುತ್ತಲೂ ಇವೆ. ನೀವು ಲೆಕ್ಕ ಹಾಕಿದಾಗ ಎಲ್ಲಾದರೂ ಮುಂದಿನದು ಹಿಂದಿನದಕ್ಕಿಂತ ದೊಡ್ಡದಾಗಿ ಬಂದರೆ ಅಲ್ಲೇ ತಪ್ಪಾಗಿದೆ ಎಂದು ತಿಳಿಯಿರಿ.

ಹಂತ 3: ಎರಡು ಸಾಲುಗಳನ್ನು ಬಿಡಿಸಿ ಬರೆದು ಭಾಗಿಸುವುದು

ಸೂತ್ರವನ್ನು ಮತ್ತೆ ಮತ್ತೆ ಹಾಕುತ್ತಾ ಕೊನೆವರೆಗೂ ಇಳಿದರೆ:

```
I(2n)   = (1·3·5···(2n-1)) / (2·4·6···2n) · π/2
I(2n+1) = (2·4·6···2n) / (3·5·7···(2n+1))
```

ಈಗ ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ, π/2 ಒಂದೇ ಒಂದು ಕಡೆ ಉಳಿಯುವಂತೆ ಮಾಡಿ:

```
π/2 = P(n) · I(2n)/I(2n+1)

P(n) = (2·2·4·4·6·6···2n·2n) / (1·3·3·5·5·7···(2n-1)·(2n+1))
```

ಇದು ಅಂದಾಜು ಅಲ್ಲ. ಪ್ರತಿ n ಗೂ ನಿಖರವಾಗಿ ಸಮ. P(n) ಅನ್ನು ಜೋಡಿ ಜೋಡಿಯಾಗಿ ಓದಿದರೆ k ನೇ ಜೋಡಿ (2k/(2k-1))·(2k/(2k+1)), ಅಂದರೆ 4k²/(4k²-1).

ನಾನು ಇದನ್ನು ಮೊದಲ ಸಲ ಬರೆದಾಗ ಛೇದವನ್ನು 2n-1 ಗೆ ನಿಲ್ಲಿಸಿಬಿಟ್ಟಿದ್ದೆ. 1 ಒಂದು ಸಲ, 3 ರಿಂದ 2n-1 ವರೆಗೆ ಎರಡೆರಡು ಸಲ. ನೋಡೋಕೆ ಅಚ್ಚುಕಟ್ಟಾಗಿತ್ತು. ಆದರೆ ಉತ್ತರ π/2 ಬಿಟ್ಟು ಎಲ್ಲೆಲ್ಲೋ ಹೋಗುತ್ತಿತ್ತು, n ಹೆಚ್ಚಿಸಿದಷ್ಟೂ ದೊಡ್ಡದಾಗುತ್ತಿತ್ತು. ಕೊನೆಯ 2n+1 ಬಿಟ್ಟುಹೋಗಿದೆ ಎಂದು ಹುಡುಕಲು ಅರ್ಧ ಸಂಜೆ ಬೇಕಾಯಿತು. ಅಂದಿನಿಂದ ಎರಡು ಪರೀಕ್ಷೆ ಮಾಡದೆ ಮುಂದೆ ಹೋಗುವುದಿಲ್ಲ. ಒಂದು, ಅಂಶದಲ್ಲಿ ಎಷ್ಟು ಸಂಖ್ಯೆಗಳಿವೆಯೋ ಛೇದದಲ್ಲೂ ಅಷ್ಟೇ ಇರಬೇಕು. ಅಂಶದಲ್ಲಿ 2n ಸಂಖ್ಯೆಗಳು, ಛೇದದಲ್ಲಿ 1 ಸೇರಿಸಿ 2n. ಎರಡು, n = 1 ಹಾಕಿ ನೋಡುವುದು. P(1) = 4/3. I(2)/I(3) = (π/4)/(2/3) = 3π/8. ಗುಣಿಸಿದರೆ 4/3 · 3π/8 = π/2. ಸರಿಹೋಯಿತು.

ಹಂತ 4: ನಡುವೆ ಸಿಕ್ಕಿಸುವುದು

ಈಗ ಉಳಿದಿರುವುದು ಒಂದೇ ಪ್ರಶ್ನೆ. n ದೊಡ್ಡದಾದಾಗ I(2n)/I(2n+1) ಏನಾಗುತ್ತದೆ? ಅದು 1 ಕ್ಕೆ ಹೋದರೆ P(n) ತಾನೇ π/2 ಗೆ ಹೋಗುತ್ತದೆ.

ಇಲ್ಲಿ ತುಂಬಾ ಜನ ಜಾರುತ್ತಾರೆ. 'ಎರಡೂ ಇಂಟಿಗ್ರಲ್ ಸೊನ್ನೆಗೆ ಹೋಗುತ್ತವೆ, ಹಾಗಾಗಿ ಅನುಪಾತ 1' ಎಂದು ಬರೆದುಬಿಡುತ್ತಾರೆ. ಅದು ವಾದವೇ ಅಲ್ಲ. 2/n ಮತ್ತು 1/n ಎರಡೂ ಸೊನ್ನೆಗೆ ಹೋಗುತ್ತವೆ, ಆದರೆ ಅವುಗಳ ಅನುಪಾತ ಯಾವಾಗಲೂ 2. ಎರಡು ಬೆಲೆಗಳ ನಡುವಿನ ವ್ಯತ್ಯಾಸ ಸೊನ್ನೆಗೆ ಹೋಗುತ್ತದೆ ಅಂದರೂ ಸಾಲದು. ಇದೇ ಉದಾಹರಣೆಯಲ್ಲಿ ವ್ಯತ್ಯಾಸ 1/n, ಅದೂ ಸೊನ್ನೆಗೇ ಹೋಗುತ್ತದೆ.

ಸರಿಯಾದ ದಾರಿ ಇದು. ಸೊನ್ನೆ ಮತ್ತು π/2 ನಡುವೆ sin x ನ ಬೆಲೆ 0 ಮತ್ತು 1 ರ ನಡುವೆ ಇರುತ್ತದೆ. ಅಂಥ ಸಂಖ್ಯೆಯನ್ನು ಮತ್ತೊಮ್ಮೆ ತನ್ನಿಂದಲೇ ಗುಣಿಸಿದರೆ ಅದು ದೊಡ್ಡದಾಗಲು ಸಾಧ್ಯವಿಲ್ಲ. ಹಾಗಾಗಿ ಘಾತ ಹೆಚ್ಚಿದಂತೆ ಇಂಟಿಗ್ರಲ್ ಇಳಿಯುತ್ತದೆ:

```
I(2n+2) ≤ I(2n+1) ≤ I(2n)
```

I(2n) ಅನ್ನು ಈ ಮೂರರಿಂದಲೂ ಭಾಗಿಸಿ. ಚಿಕ್ಕದರಿಂದ ಭಾಗಿಸಿದರೆ ದೊಡ್ಡ ಉತ್ತರ ಬರುತ್ತದೆ, ಹಾಗಾಗಿ ದಿಕ್ಕು ತಿರುಗುತ್ತದೆ:

```
1 ≤ I(2n)/I(2n+1) ≤ I(2n)/I(2n+2)
```

ಬಲತುದಿಯಲ್ಲಿರುವುದು ಎರಡು ಮೆಟ್ಟಿಲು ಅಂತರದ ಅನುಪಾತ. ಎರಡು ಮೆಟ್ಟಿಲಿನದು ನಮಗೆ ಹಂತ 2 ರಿಂದಲೇ ಗೊತ್ತು. I(2n+2) = ((2n+1)/(2n+2)) · I(2n). ಆದ್ದರಿಂದ:

```
1 ≤ I(2n)/I(2n+1) ≤ (2n+2)/(2n+1)
```

n ದೊಡ್ಡದಾದಂತೆ ಬಲಬದಿ 1 ಕ್ಕೆ ಇಳಿಯುತ್ತದೆ. ನಡುವಿನದಕ್ಕೆ ಬೇರೆ ಎಲ್ಲೂ ಹೋಗಲು ಜಾಗವಿಲ್ಲ. ಅದೂ 1 ಕ್ಕೇ ಹೋಗಬೇಕು. ವಾಲಿಸ್‌ನ ಗುಣಲಬ್ಧ ಇಲ್ಲಿಗೆ ಸಿದ್ಧವಾಯಿತು.

ನನಗೆ ಈ ಹಂತದಲ್ಲಿ ಇಷ್ಟವಾಗುವುದು ಒಂದು ಸಣ್ಣ ಸಂಗತಿ. ಒಂದು ಮೆಟ್ಟಿಲಿನ ಅನುಪಾತವನ್ನು ನೇರವಾಗಿ ಲೆಕ್ಕ ಹಾಕಲು ಹೋದರೆ π ಅಡ್ಡ ಬರುತ್ತದೆ. π ಎಷ್ಟು ಎಂದು ತಾನೇ ನಾವು ಹುಡುಕುತ್ತಿರುವುದು. ಎರಡು ಮೆಟ್ಟಿಲಿನ ಅನುಪಾತದಲ್ಲಿ π ರದ್ದಾಗಿ ಹೋಗುತ್ತದೆ. ಗೊತ್ತಿಲ್ಲದ ಒಂದು ಮೆಟ್ಟಿಲನ್ನು ಗೊತ್ತಿರುವ ಎರಡು ಮೆಟ್ಟಿಲುಗಳ ಒಳಗೆ ಸಿಕ್ಕಿಸಿದ್ದೇವೆ, ಅಷ್ಟೇ.

ಹಂತ 5: ಕೈಯಲ್ಲಿ ಲೆಕ್ಕ ಹಾಕಿ ನೋಡುವುದು

ಹಂತ 4 ರ ಸಾಲನ್ನು P(n) ಇಂದ ಗುಣಿಸಿದರೆ ಕೆಳಗಿನ ಗಡಿ, ಮೇಲಿನ ಗಡಿ ಎರಡೂ ಸಿಗುತ್ತವೆ:

```
P(n) ≤ π/2 ≤ P(n) · (2n+2)/(2n+1)
```

ಮೇಲಿನ ಗಡಿ ಎಲ್ಲಿಂದಲೋ ಬಂದ ಹೊಸ ಸಂಖ್ಯೆಯಲ್ಲ. ಮೂಲ ಗುಣಲಬ್ಧವನ್ನು ಜೋಡಿಯ ಮಧ್ಯದಲ್ಲೇ ನಿಲ್ಲಿಸಿದರೆ ಬರುವುದೇ ಅದು. ಒಂದೊಂದೇ ಭಿನ್ನರಾಶಿ ಸೇರಿಸುತ್ತಾ ಹೋಗಿ ನೋಡಿ:

```
2/1 ಸೇರಿಸಿದಾಗ   2.0000
2/3 ಸೇರಿಸಿದಾಗ   1.3333
4/3 ಸೇರಿಸಿದಾಗ   1.7778
4/5 ಸೇರಿಸಿದಾಗ   1.4222
6/5 ಸೇರಿಸಿದಾಗ   1.7067
6/7 ಸೇರಿಸಿದಾಗ   1.4629
8/7 ಸೇರಿಸಿದಾಗ   1.6718
8/9 ಸೇರಿಸಿದಾಗ   1.4861
```

ಒಮ್ಮೆ ಮೇಲೆ, ಒಮ್ಮೆ ಕೆಳಗೆ. ಮೇಲಿನವು ಇಳಿಯುತ್ತಿವೆ: 2, 1.7778, 1.7067, 1.6718. ಕೆಳಗಿನವು ಏರುತ್ತಿವೆ: 1.3333, 1.4222, 1.4629, 1.4861. ನಡುವೆ 1.5708 ಸಿಕ್ಕಿಹಾಕಿಕೊಂಡಿದೆ. ಜೋಡಿ ಪೂರ್ತಿಯಾದಾಗ ಮಾತ್ರ ನೋಡಿದರೆ ಉತ್ತರ ಯಾವಾಗಲೂ ಕಡಿಮೆ ಬರುತ್ತದೆ. ಜೋಡಿ ಅರ್ಧ ಆದಾಗ ಯಾವಾಗಲೂ ಜಾಸ್ತಿ. ನಿಮ್ಮ ಲೆಕ್ಕದಲ್ಲಿ ಪೂರ್ತಿ ಜೋಡಿಗಳ ಗುಣಲಬ್ಧ 1.5708 ನ್ನು ದಾಟಿತು ಅಂದರೆ ಎಲ್ಲೋ ಒಂದು ಭಿನ್ನರಾಶಿ ಎರಡು ಸಲ ಸೇರಿದೆ ಅಥವಾ ಒಂದು ತಪ್ಪಿಹೋಗಿದೆ.

ಈಗ ಬೇಸರದ ವಿಷಯ. ಇದು ಮಹಾ ನಿಧಾನ. ಹತ್ತು ಜೋಡಿ ಗುಣಿಸಿದರೆ 1.53385. ನೂರು ಜೋಡಿಗೆ 1.56689. ಸಾವಿರ ಜೋಡಿಗೆ 1.57040. ಜೋಡಿಗಳನ್ನು ಹತ್ತು ಪಟ್ಟು ಮಾಡಿದರೆ ತಪ್ಪು ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ, ಅಂದರೆ ಒಂದೇ ಒಂದು ಅಂಕಿ ಹೆಚ್ಚು ಸಿಗುತ್ತದೆ. n ಜೋಡಿಯ ನಂತರ ಉಳಿಯುವ ತಪ್ಪು ಸುಮಾರು π/(8n). π ನ ಬೆಲೆ ಬೇಕು ಎಂದು ಯಾರೂ ಈ ದಾರಿ ಹಿಡಿಯುವುದಿಲ್ಲ.

ಆದರೆ ಎರಡು ಗಡಿಗಳು ಕೈಯಲ್ಲಿ ಇವೆಯಲ್ಲ. ಅವುಗಳ ಸರಾಸರಿ ತೆಗೆದರೆ? n = 10 ಕ್ಕೆ ಕೆಳಗಿನ ಗಡಿ 1.53385, ಮೇಲಿನದು ಅದರ 22/21 ಪಟ್ಟು, ಅಂದರೆ 1.60689. ಸರಾಸರಿ 1.57037. ನಿಜವಾದ ಬೆಲೆಯಿಂದ 0.00042 ಅಷ್ಟೇ ದೂರ. ಸುಮ್ನೆ ಸಾವಿರ ಜೋಡಿ ಗುಣಿಸಿದಾಗ ಉಳಿಯುವ ತಪ್ಪು 0.00039. ಹತ್ತು ಜೋಡಿ ಮತ್ತು ಒಂದು ಸರಾಸರಿ, ಸಾವಿರ ಜೋಡಿಯ ಕೆಲಸವನ್ನು ಹೆಚ್ಚುಕಡಿಮೆ ಮಾಡಿಬಿಟ್ಟಿತು. ಇದು ಅದೃಷ್ಟ ಅಲ್ಲ. ನಿಜವಾದ ಬೆಲೆ ಎರಡು ಗಡಿಗಳ ಬಹುತೇಕ ನಟ್ಟನಡುವೆ ಕೂತಿರುತ್ತದೆ, ಹಾಗಾಗಿ ಮೇಲಿನ ತಪ್ಪೂ ಕೆಳಗಿನ ತಪ್ಪೂ ಒಂದನ್ನೊಂದು ತಿಂದುಹಾಕುತ್ತವೆ.

```python
p = 1.0
for k in range(1, 11):
    p = p * (4*k*k) / (4*k*k - 1)
upper = p * 22 / 21
print(p, upper, (p + upper) / 2)
```

ಕೋಡ್‌ನಲ್ಲಿ ಜೋಡಿಯೊಂದನ್ನು ಗುಣಿಸಿದ ಕೂಡಲೇ ಭಾಗಿಸಿದ್ದನ್ನು ಗಮನಿಸಿ. ಅಂಶಗಳನ್ನೆಲ್ಲ ಒಂದು ಕಡೆ, ಛೇದಗಳನ್ನೆಲ್ಲ ಇನ್ನೊಂದು ಕಡೆ ದಶಮಾಂಶ ಸಂಖ್ಯೆಯಾಗಿ ಗುಣಿಸಿಟ್ಟು ಕೊನೆಗೆ ಭಾಗಿಸಲು ಹೋದರೆ, ನೂರು ಜೋಡಿ ತಲುಪುವ ಮೊದಲೇ ಎರಡೂ ಕಂಪ್ಯೂಟರ್ ಹಿಡಿದಿಡಬಲ್ಲ ಗಾತ್ರ ಮೀರುತ್ತವೆ. ಪರದೆ ಮೇಲೆ `nan` ಬಂದರೆ ಕಾರಣ ಇದೇ.

ಜೋಡಿ ಬಿಡಿಸಬೇಡಿ

ಇದು ಬರೀ ಕಂಪ್ಯೂಟರ್‌ನ ಸಮಸ್ಯೆಯಲ್ಲ, ಗಣಿತದ್ದೂ ಹೌದು. ಮೂಲ ಗುಣಲಬ್ಧದಲ್ಲಿ 1 ಕ್ಕಿಂತ ದೊಡ್ಡ ಭಿನ್ನರಾಶಿಗಳಿವೆ: 2/1, 4/3, 6/5. ಚಿಕ್ಕವೂ ಇವೆ: 2/3, 4/5, 6/7. ದೊಡ್ಡವನ್ನೆಲ್ಲ ಒಂದು ಗುಂಪು, ಚಿಕ್ಕವನ್ನೆಲ್ಲ ಇನ್ನೊಂದು ಗುಂಪು ಮಾಡಿ ಬೇರೆ ಬೇರೆ ಲಿಮಿಟ್ ತೆಗೆದು ಆಮೇಲೆ ಗುಣಿಸೋಣ ಅನಿಸುವುದು ಸಹಜ.

ಹಾಗೆ ಮಾಡಿದರೆ ಏನಾಗುತ್ತದೆ ನೋಡಿ. ಮೊದಲ ಹತ್ತು ದೊಡ್ಡ ಭಿನ್ನರಾಶಿಗಳ ಗುಣಲಬ್ಧ 5.68. ಮೊದಲ ನೂರರದ್ದು 17.75. ಅದು ನಿಲ್ಲುವುದೇ ಇಲ್ಲ. ಚಿಕ್ಕವುಗಳದ್ದು ಹತ್ತಕ್ಕೆ 0.270, ನೂರಕ್ಕೆ 0.0883. ಅದು ಸೊನ್ನೆಗೆ ಇಳಿಯುತ್ತದೆ. ಕೊನೆಗೆ ನಿಮ್ಮ ಕೈಗೆ ಬರುವುದು ಅನಂತ ಗುಣಿಸು ಸೊನ್ನೆ. ಅದಕ್ಕೆ ಅರ್ಥವಿಲ್ಲ. ಒಟ್ಟಿಗೆ ಇಟ್ಟರೆ ಮಾತ್ರ ಒಂದು ಏರುವುದನ್ನು ಇನ್ನೊಂದು ಹಿಡಿದೆಳೆಯುತ್ತದೆ.

ಇದೇ ಕಾರಣಕ್ಕೆ ಕ್ರಮವನ್ನೂ ಮನಸ್ಸಿಗೆ ಬಂದಂತೆ ಬದಲಾಯಿಸುವಂತಿಲ್ಲ. ಎರಡು ದೊಡ್ಡದಕ್ಕೆ ಒಂದು ಚಿಕ್ಕದು ಎಂಬಂತೆ ಪೋಣಿಸುತ್ತಾ ಹೋದರೆ ಅವೇ ಭಿನ್ನರಾಶಿಗಳು, ಒಂದೂ ಬಿಡದೆ, ಬೇರೆ ಬೆಲೆಗೆ ಹೋಗಿ ನಿಲ್ಲುತ್ತವೆ. ಆದರೆ 4k²/(4k²-1) ಎಂಬ ಪೂರ್ತಿ ಜೋಡಿಗಳನ್ನು ಒಡೆಯದೆ ಹೇಗೆ ಕದಡಿದರೂ ತೊಂದರೆಯಿಲ್ಲ. ಅವೆಲ್ಲ 1 ಕ್ಕಿಂತ ದೊಡ್ಡವು, ಎಲ್ಲವೂ ಒಂದೇ ದಿಕ್ಕಿಗೆ ತಳ್ಳುತ್ತವೆ.

ಇದರಿಂದ ಒಂದು ಕೆಲಸ ಮಾಡಿಸೋಣ

π ನ ಅಂಕಿಗಳಿಗೆ ಇದು ಉಪಯೋಗವಿಲ್ಲ ಅಂದೆ. ಆದರೆ ತಿರುಗಿಸಿ ಹಿಡಿದರೆ ಉಪಯೋಗ ಇದೆ. π ಗೊತ್ತಿದೆ ಎಂದುಕೊಂಡು ಆ ದೊಡ್ಡ ಗುಣಲಬ್ಧವನ್ನೇ ಅಂದಾಜು ಮಾಡಬಹುದು.

ಪ್ರಶ್ನೆ ಇದು: ನಾಣ್ಯವನ್ನು 100 ಸಲ ಚಿಮ್ಮಿದರೆ ಸರಿಯಾಗಿ 50 ಸಲ ತಲೆ ಬೀಳುವ ಸಂಭವನೀಯತೆ ಎಷ್ಟು? ನೇರ ಲೆಕ್ಕದಲ್ಲಿ ನೂರರಿಂದ ಐವತ್ತನ್ನು ಆರಿಸುವ ವಿಧಗಳನ್ನು 2 ರ ನೂರನೇ ಘಾತದಿಂದ ಭಾಗಿಸಬೇಕು. ಮೊದಲನೆಯದು ಮೂವತ್ತು ಅಂಕಿಗಳ ಸಂಖ್ಯೆ, ಎರಡನೆಯದು ಮೂವತ್ತೊಂದು ಅಂಕಿಗಳದು. ಆದರೆ 2n ಸಲ ಚಿಮ್ಮಿ n ಸಲ ತಲೆ ಬೀಳುವ ಸಂಭವನೀಯತೆಯನ್ನು b ಎಂದು ಕರೆದು, ಫ್ಯಾಕ್ಟೋರಿಯಲ್‌ಗಳನ್ನು ಬಿಡಿಸಿ ಸಮ ಬೆಸ ಬೇರೆ ಮಾಡಿದರೆ:

```
b = (1·3·5···(2n-1)) / (2·4·6···2n)
```

ಇದನ್ನು ಎಲ್ಲೋ ನೋಡಿದ್ದೇವೆ. ಹಂತ 3 ರಲ್ಲಿ I(2n) ನ ಮುಂದೆ ಕೂತಿದ್ದ ಭಿನ್ನರಾಶಿ ಇದೇ. ಅಂದರೆ I(2n) = b·π/2, ಮತ್ತು I(2n+1) = 1/((2n+1)·b). ಇವುಗಳ ಅನುಪಾತ 1 ಮತ್ತು (2n+2)/(2n+1) ರ ನಡುವೆ ಇರುತ್ತದೆ ಎಂದು ಹಂತ 4 ಹೇಳುತ್ತದೆ:

```
1 ≤ b² · (2n+1) · π/2 ≤ (2n+2)/(2n+1)
```

n = 50 ಹಾಕಿ. ಎಡಬದಿಯಿಂದ b² ಕನಿಷ್ಠ 2/(101π), ಅಂದರೆ 0.006303. ವರ್ಗಮೂಲ 0.07939. ಬಲಬದಿಯಿಂದ b ಗರಿಷ್ಠ ಇದರ √(102/101) ಪಟ್ಟು, ಅಂದರೆ 0.07979. ಒಟ್ಟಿನಲ್ಲಿ ಶೇಕಡಾ 7.94 ಮತ್ತು 7.98 ರ ನಡುವೆ. ಆ ಮೂವತ್ತು ಅಂಕಿಗಳ ಲೆಕ್ಕವನ್ನು ಪೂರ್ತಿ ಮಾಡಿದರೆ ಬರುವುದು 0.07959.

'ನೂರಕ್ಕೆ ಐವತ್ತು' ಸರಿಯಾಗಿ ಬೀಳುವುದು ಹನ್ನೆರಡು ಹದಿಮೂರು ಪ್ರಯತ್ನಕ್ಕೊಮ್ಮೆ ಮಾತ್ರ. ನಾಣ್ಯಕ್ಕೂ ವೃತ್ತಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದರೆ I(100) ಮತ್ತು I(101) ಅನ್ನು ಅಕ್ಕಪಕ್ಕ ಬರೆದು ತೋರಿಸಿ.